ಸಾವಿರಕ್ಕೆ ಎಷ್ಟು, ನೂರಕ್ಕೆ ಎಷ್ಟು?

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಯಾದಗಿರಿ ಜಿಲ್ಲೆಯದು 11,74,271. ಕರಾವಳಿಯ ಜಿಲ್ಲೆ ಒಂದು, ಭೀಮಾ ತೀರದ ಜಿಲ್ಲೆ ಇನ್ನೊಂದು. ಇಬ್ಬರ ನಡುವಿನ ವ್ಯತ್ಯಾಸ ಮೂರು ಸಾವಿರ ತಲೆ, ಅಷ್ಟೇ. ಆದರೆ ಅದೇ ವರದಿಯಲ್ಲಿ ಇನ್ನೆರಡು ಕಾಲಂ ಮುಂದೆ ಹೋದರೆ ಎರಡೂ ಬೇರೆ ಬೇರೆ ಲೋಕಗಳಂತೆ ಕಾಣುತ್ತವೆ. ಉಡುಪಿಯಲ್ಲಿ 1000 ಗಂಡಸರಿಗೆ 1094 ಹೆಂಗಸರು, ಯಾದಗಿರಿಯಲ್ಲಿ 989. ಉಡುಪಿಯ ಸಾಕ್ಷರತೆ ಶೇ 86.24, ಯಾದಗಿರಿಯದು ಶೇ 51.83.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಅಂಕಿಗಳನ್ನು ಬಾಯಿಪಾಠ ಮಾಡುತ್ತಾರೆ: ಲಿಂಗಾನುಪಾತದಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ಸಾಕ್ಷರತೆಯಲ್ಲಿ ಯಾದಗಿರಿ ಕೊನೆಗೆ. ರ್‍ಯಾಂಕ್ ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಈ ಅಂಕಿ ಹುಟ್ಟಿದ್ದು ಹೇಗೆ, ಯಾರನ್ನು ಎಲ್ಲಿ ಎಣಿಸಿದರು, ಯಾವುದನ್ನು ಯಾವುದರಿಂದ ಭಾಗಿಸಿದರು ಎಂದು ಕೇಳುತ್ತ ಹೋದರೆ ಉಡುಪಿಯ 1094ಕ್ಕೆ ಪಟ್ಟಿ ಹೇಳದ ಅರ್ಥವೊಂದು ಸಿಗುತ್ತದೆ.

ಲಿಂಗಾನುಪಾತದ ಲೆಕ್ಕ ಪ್ರಾಥಮಿಕ ಶಾಲೆಯ ಗಣಿತ. ಒಂದು ಪ್ರದೇಶದ ಹೆಂಗಸರ ಸಂಖ್ಯೆಯನ್ನು ಗಂಡಸರ ಸಂಖ್ಯೆಯಿಂದ ಭಾಗಿಸಿ 1000ದಿಂದ ಗುಣಿಸಬೇಕು. ಉಡುಪಿಯಲ್ಲಿ ಹೆಂಗಸರು 6,15,230, ಗಂಡಸರು 5,62,131. ಭಾಗಿಸಿದರೆ 1.0945, ಸಾವಿರದಿಂದ ಗುಣಿಸಿ ಪೂರ್ಣಾಂಕಕ್ಕೆ ತಂದರೆ 1094. ಭಾರತದ ಪದ್ಧತಿ ಇದು. ವಿಶ್ವಸಂಸ್ಥೆಯೂ ಅನೇಕ ದೇಶಗಳೂ ಇದನ್ನು ತಲೆಕೆಳಗೆ ಮಾಡಿ, 100 ಹೆಂಗಸರಿಗೆ ಎಷ್ಟು ಗಂಡಸರು ಎಂದು ಹೇಳುತ್ತವೆ. ಆ ಲೆಕ್ಕದಲ್ಲಿ ಉಡುಪಿ 91 ಆಗುತ್ತದೆ. ಹಾಗಾಗಿ ಹೊರದೇಶದ ವರದಿಯಲ್ಲಿ ಅಂಕಿ 100ಕ್ಕಿಂತ ಹೆಚ್ಚಿದ್ದರೆ ಅಲ್ಲಿ ಗಂಡಸರು ಹೆಚ್ಚು. ನಮ್ಮ ವರದಿಯಲ್ಲಿ 1000ಕ್ಕಿಂತ ಹೆಚ್ಚಿದ್ದರೆ ಹೆಂಗಸರು ಹೆಚ್ಚು.

ಹಾಗಾದರೆ ಉಡುಪಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟುತ್ತಾರೆಯೇ? ಇಲ್ಲ. ಅದು ಗೊತ್ತಾಗುವುದು ಪಕ್ಕದ ಇನ್ನೊಂದು ಕಾಲಂನಲ್ಲಿ. ಸೊನ್ನೆಯಿಂದ ಆರು ವರ್ಷದ ಮಕ್ಕಳನ್ನು ಮಾತ್ರ ತೆಗೆದುಕೊಂಡು ಮಾಡುವ ಲೆಕ್ಕಕ್ಕೆ ಮಕ್ಕಳ ಲಿಂಗಾನುಪಾತ ಎನ್ನುತ್ತಾರೆ. ಉಡುಪಿಯಲ್ಲಿ ಅದು 958. ಅಂದರೆ ಅಂಗನವಾಡಿ ವಯಸ್ಸಿನಲ್ಲಿ ಉಡುಪಿಯಲ್ಲೂ ಗಂಡುಮಕ್ಕಳೇ ಜಾಸ್ತಿ.

ಇದರಲ್ಲಿ ಅಸಹಜವಾದದ್ದೇನೂ ಇಲ್ಲ. ಮನುಷ್ಯರಲ್ಲಿ ಸಾಮಾನ್ಯವಾಗಿ 100 ಹೆಣ್ಣು ಶಿಶುಗಳಿಗೆ ಸುಮಾರು 105 ಗಂಡು ಶಿಶುಗಳು ಹುಟ್ಟುತ್ತವೆ. ನಮ್ಮ ಪದ್ಧತಿಗೆ ತಂದರೆ 1000 ಗಂಡಿಗೆ ಸುಮಾರು 952 ಹೆಣ್ಣು. ಮಕ್ಕಳ ಲಿಂಗಾನುಪಾತ 950ರ ಆಸುಪಾಸಿನಲ್ಲಿದ್ದರೆ ಪ್ರಕೃತಿಯ ಲೆಕ್ಕ ಹೆಚ್ಚೂಕಡಿಮೆ ಹಾಗೇ ಉಳಿದಿದೆ ಎಂದರ್ಥ. 2011ರಲ್ಲಿ ಹರಿಯಾಣದಲ್ಲಿ ಇದು 834, ಪಂಜಾಬಿನಲ್ಲಿ 846. ಇಷ್ಟು ಇಳಿಕೆಗೆ ಪ್ರಕೃತಿ ಕಾರಣವಲ್ಲ. ಹುಟ್ಟುವ ಮೊದಲೇ ಹೆಣ್ಣು ಭ್ರೂಣವನ್ನು ತೆಗೆಸುವುದು ಮತ್ತು ಹುಟ್ಟಿದ ಮೇಲೆ ಅದರ ಆರೈಕೆಯಲ್ಲಿ ತೋರುವ ಅಸಡ್ಡೆ ಇಲ್ಲಿ ಅಂಕಿಯಾಗಿ ಮೂಡಿದೆ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂತು. ಕರ್ನಾಟಕದ ಮಕ್ಕಳ ಲಿಂಗಾನುಪಾತ 1991ರಲ್ಲಿ 960 ಇದ್ದದ್ದು 2001ರಲ್ಲಿ 946ಕ್ಕೆ ಇಳಿದು, 2011ರಲ್ಲಿ 948ಕ್ಕೆ ನಿಂತಿತು. ಗಮನಿಸಬೇಕಾದ್ದೇನೆಂದರೆ, 2001 ಮತ್ತು 2011ರ ನಡುವೆ ರಾಜ್ಯದ ಒಟ್ಟು ಲಿಂಗಾನುಪಾತ 965ರಿಂದ 973ಕ್ಕೆ ಎಂಟು ಅಂಕ ಏರಿತು, ಮಕ್ಕಳದು ಎರಡೇ ಅಂಕ. ಒಟ್ಟು ಅಂಕಿಯ ಏರಿಕೆ ನೋಡಿ ಹೆಣ್ಣುಮಕ್ಕಳ ಜನನ ಅಷ್ಟೇ ಸುಧಾರಿಸಿತು ಎನ್ನುವಂತಿಲ್ಲ.

ಮತ್ತೆ ಉಡುಪಿಗೆ. ಮಕ್ಕಳಲ್ಲಿ 958, ಒಟ್ಟು ಜನರಲ್ಲಿ 1094. ಈ ಅಂತರ ಹುಟ್ಟುವುದು ದೊಡ್ಡವರಲ್ಲಿ. ಒಂದು ಕಾರಣ ಆಯಸ್ಸು: ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಆರೋಗ್ಯ ಸೌಲಭ್ಯ ಚೆನ್ನಾಗಿರುವ ಜಿಲ್ಲೆಯಲ್ಲಿ ಅಜ್ಜಿಯರ ಸಂಖ್ಯೆ ಅಜ್ಜಂದಿರಿಗಿಂತ ಜಾಸ್ತಿ. ಇನ್ನೊಂದು ಕಾರಣ ಕರಾವಳಿಯವರಿಗೆಲ್ಲ ಗೊತ್ತಿರುವಂಥದ್ದು. ಮುಂಬೈಯ ಹೋಟೆಲುಗಳಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಲ್ಲಿ ಗಂಡಸರು ಹೆಚ್ಚು. ಅವರು ಊರ ಮನೆಯ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಭಾಗಾಕಾರದಲ್ಲಿ ಕೆಳಗಿರುವ ಸಂಖ್ಯೆ ಚಿಕ್ಕದಾದಾಗ ಉತ್ತರ ದೊಡ್ಡದಾಗುತ್ತದೆ. 1094ರಲ್ಲಿ ಕಾಣುವುದು ಹೆಂಗಸರ ಹೆಚ್ಚಳದಷ್ಟೇ ಗಂಡಸರ ಗೈರುಹಾಜರಿ ಕೂಡ.

ಹೋದ ಗಂಡಸರಲ್ಲಿ ದೇಶದೊಳಗೇ ಇರುವವರು ಬೇರೆ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲಿ ಗಂಡಸರು 50,22,661, ಹೆಂಗಸರು 45,98,890. ಲಿಂಗಾನುಪಾತ 916, ರಾಜ್ಯದಲ್ಲೇ ಕನಿಷ್ಠ. ಅಲ್ಲಿಯ ಮಕ್ಕಳ ಲಿಂಗಾನುಪಾತ ಮಾತ್ರ 944, ರಾಜ್ಯದ ಸರಾಸರಿಗೆ ಹತ್ತಿರ. ಕೆಲಸ ಹುಡುಕಿ ಒಂಟಿಯಾಗಿ ಬಂದ ಗಂಡಸರು ನಗರದ ಅಂಕಿಯನ್ನು ಕೆಳಗೆ ತಳ್ಳಿದ್ದಾರೆ. ಕಾರ್ಖಾನೆ ಕಾರ್ಮಿಕರೇ ತುಂಬಿದ್ದ ದಮನ್ ಮತ್ತು ದಿಯುವಿನಲ್ಲಿ ಇದರ ಪರಾಕಾಷ್ಠೆ ಕಾಣಿಸಿತು: ಅಲ್ಲಿ 1000 ಗಂಡಸರಿಗೆ 618 ಹೆಂಗಸರು.

ಯಾರನ್ನು ಎಲ್ಲಿ ಎಣಿಸಬೇಕೆಂಬುದಕ್ಕೆ ಜನಗಣತಿಯಲ್ಲಿ ಖಚಿತ ನಿಯಮವಿದೆ. 2011ರಲ್ಲಿ ಗಣತಿದಾರರು, ಅವರಲ್ಲಿ ಬಹುಮಂದಿ ಸರ್ಕಾರಿ ಶಾಲೆಯ ಮೇಷ್ಟರುಗಳು, ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋದರು. ಮನೆಯಿಲ್ಲದವರನ್ನು ಎಣಿಸಿದ್ದು 28ರ ರಾತ್ರಿ. ಮಾರ್ಚ್ 1ರಿಂದ 5ರವರೆಗೆ ಮತ್ತೊಂದು ಸುತ್ತು ಹೋಗಿ, ನಡುವೆ ಹುಟ್ಟಿದವರನ್ನು ಸೇರಿಸಿ ತೀರಿಕೊಂಡವರನ್ನು ಕಳೆದರು. ಹೀಗೆ ಬಂದ ಲೆಕ್ಕ ಮಾರ್ಚ್ 1ರ ಮಧ್ಯರಾತ್ರಿ 12 ಗಂಟೆಯ ಕ್ಷಣಕ್ಕೆ ಅನ್ವಯ. ಮನೆಯವರೊಬ್ಬರು ಆ ಇಪ್ಪತ್ತು ದಿನಗಳಲ್ಲಿ ಒಂದಷ್ಟು ಕಾಲವಾದರೂ ಮನೆಯಲ್ಲಿದ್ದರೆ ಅವರನ್ನು ಅಲ್ಲೇ ಎಣಿಸಬೇಕು. ಪೂರ್ತಿ ಅವಧಿ ಹೊರಗಿದ್ದರೆ ಎಲ್ಲಿ ಸಿಗುತ್ತಾರೋ ಅಲ್ಲಿ.

ಈ ನಿಯಮ ಯಾದಗಿರಿಯಂಥ ಜಿಲ್ಲೆಯಲ್ಲಿ ಬೇರೆಯೇ ರೀತಿ ಕೆಲಸ ಮಾಡುತ್ತದೆ. ಅಲ್ಲಿಂದಲೂ ಜನ ಹೊರಗೆ ಹೋಗುತ್ತಾರೆ. ಸುಗ್ಗಿ ಮುಗಿಯುತ್ತಿದ್ದಂತೆ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಆ ಸೀಮೆಯಲ್ಲಿ ಹಳೆಯ ಮಾತು. ಆದರೆ ಗುಳೆ ಹೋಗುವವರು ಅನೇಕ ಸಲ ಗಂಡ ಹೆಂಡತಿ ಮಕ್ಕಳು ಎಲ್ಲ ಸೇರಿ ಹೋಗುತ್ತಾರೆ. ಹಾಗೆ ಹೋದಾಗ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಟ್ಟಿಗೆ ಇಳಿಯುತ್ತವೆ, ಅನುಪಾತ ಅಷ್ಟಾಗಿ ಅಲುಗುವುದಿಲ್ಲ. ಲಿಂಗಾನುಪಾತಕ್ಕೆ ಕಾಣಿಸುವುದು ಒಂಟಿಯಾಗಿ ಹೋದವರ ವಲಸೆ. ಸಂಸಾರ ಸಮೇತ ಹೋದವರದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಎಣಿಕೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. 2011ರಲ್ಲಿ ಮೊದಲ ಬಾರಿಗೆ ಗಣತಿ ನಮೂನೆಯಲ್ಲಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂದು ಬರೆಸಲು ಅವಕಾಶವಿತ್ತು. ದೇಶದಲ್ಲಿ ಸುಮಾರು 4.88 ಲಕ್ಷ ಜನ ಹಾಗೆ ಬರೆಸಿದರು. ಆದರೆ ಪ್ರಕಟವಾದ ಸಾಮಾನ್ಯ ಕೋಷ್ಟಕಗಳಲ್ಲಿ ಅವರನ್ನು ಗಂಡಸರ ಸಂಖ್ಯೆಯೊಳಗೇ ಸೇರಿಸಲಾಗಿದೆ. ಲಿಂಗಾನುಪಾತದ ಕೆಳಗಿನ ಸಂಖ್ಯೆಯಲ್ಲಿ ಅವರೂ ಇದ್ದಾರೆ.

ಪ್ರದೇಶ ಚಿಕ್ಕದಾದಷ್ಟೂ ಈ ಅಂಕಿ ಹುಚ್ಚುಚ್ಚಾಗಿ ಜಿಗಿಯುತ್ತದೆ. ಒಂದು ಹಳ್ಳಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದಾರೆ, 22 ಗಂಡು, 18 ಹೆಣ್ಣು ಎಂದುಕೊಳ್ಳಿ. ಲಿಂಗಾನುಪಾತ 818, ಹರಿಯಾಣಕ್ಕಿಂತ ಕಡೆ. ಮರುದಿನ ಒಂದು ಹೆಣ್ಣುಮಗು ಹುಟ್ಟಿದರೆ ಅದು 864. ಒಂದೇ ಹೆರಿಗೆಗೆ 46 ಅಂಕ! ಇಂಥ ಊರಿನಲ್ಲಿ ಭ್ರೂಣಹತ್ಯೆ ನಡೆಯುತ್ತಿದೆ ಎಂದೋ, ಅಭಿಯಾನ ಯಶಸ್ವಿಯಾಯಿತು ಎಂದೋ ಹೇಳಲು ಈ ಅಂಕಿಯಿಂದ ಆಗುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಲಿಂಗಾನುಪಾತವನ್ನು ಒಂದು ವರ್ಷದ ಮಟ್ಟಿಗೆ ನೋಡದೆ ಹಲವು ವರ್ಷಗಳ ಜನನಗಳನ್ನು ಕೂಡಿಸಿ ನೋಡಬೇಕಾದ್ದು ಇದಕ್ಕೇ.

ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಸುದ್ದಿಯಾದ ಇನ್ನೊಂದು ಅಂಕಿ 1020. ಭಾರತದಲ್ಲಿ ಹೆಂಗಸರ ಸಂಖ್ಯೆ ಗಂಡಸರನ್ನು ಮೀರಿತು ಎಂದು ತಲೆಬರಹಗಳು ಬಂದವು. ಅದು 2019ರಿಂದ 21ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಸುಮಾರು 6.37 ಲಕ್ಷ ಮನೆಗಳ ಮಾದರಿ ಸಮೀಕ್ಷೆ ಅದು. ಹಿಂದಿನ ರಾತ್ರಿ ಆ ಮನೆಗಳಲ್ಲಿ ತಂಗಿದ್ದವರಷ್ಟೇ ಅದರ ಲೆಕ್ಕಕ್ಕೆ ಬಂದರು. ಸೈನಿಕರ ಬ್ಯಾರಕ್ಕು, ಹಾಸ್ಟೆಲು, ಜೈಲುಗಳಂಥ ಜಾಗಗಳಲ್ಲಿ ಇರುವವರು ಅದರಲ್ಲಿಲ್ಲ, ಅಂಥ ಕಡೆ ಗಂಡಸರೇ ಹೆಚ್ಚು. ಜನಗಣತಿಯಲ್ಲಿ ಅವರೆಲ್ಲ ಇದ್ದಾರೆ, ಅದರ ಪ್ರಕಾರ 2011ರಲ್ಲಿ ದೇಶದ ಲಿಂಗಾನುಪಾತ 943. ಈ 943 ಮತ್ತು ಆ 1020ನ್ನು ಒಂದರ ಪಕ್ಕ ಒಂದಿಟ್ಟು ಹತ್ತು ವರ್ಷದಲ್ಲಿ 77 ಅಂಕ ಏರಿತು ಎನ್ನುವುದು ಎರಡು ಬೇರೆ ಅಳತೆಗೋಲುಗಳ ಕಳೆಯುವ ಲೆಕ್ಕ.

ಸಾಕ್ಷರತೆಯ ಲೆಕ್ಕದಲ್ಲೂ ಎಡವುವುದು ಕೆಳಗಿನ ಸಂಖ್ಯೆಯಲ್ಲೇ. ಜನಗಣತಿಯ ಪ್ರಕಾರ ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲವರು ಸಾಕ್ಷರರು. ಶಾಲೆಗೆ ಹೋಗಿರಲೇಬೇಕೆಂದಿಲ್ಲ. ಬ್ರೈಲ್ ಲಿಪಿಯಲ್ಲಿ ಓದಬಲ್ಲ ಅಂಧರೂ ಸಾಕ್ಷರರೇ. ಆದರೆ ಬಸ್ಸಿನ ಬೋರ್ಡು ಓದುವ, ಬರೆಯಲು ಮಾತ್ರ ಬಾರದ ಅಜ್ಜಿ ಈ ಲೆಕ್ಕದಲ್ಲಿ ಅನಕ್ಷರಸ್ಥೆ. ಒಂದನೇ ತರಗತಿಯಲ್ಲಿ ಕಾಗುಣಿತ ಬರೆಯುತ್ತಿರುವ ಆರು ವರ್ಷದ ಮಗುವನ್ನೂ ಸಾಕ್ಷರ ಎಂದು ಬರೆಯುವಂತಿಲ್ಲ. ಆ ವಯಸ್ಸಿನವರು ಈ ಭಾಗಾಕಾರದ ಹೊರಗೆ.

ಕರ್ನಾಟಕದ ಲೆಕ್ಕವನ್ನೇ ಮಾಡಿ ನೋಡಬಹುದು. 2011ರಲ್ಲಿ ರಾಜ್ಯದ ಜನಸಂಖ್ಯೆ 6,10,95,297. ಅದರಲ್ಲಿ ಆರು ವರ್ಷದವರೆಗಿನ ಮಕ್ಕಳು 71,61,033. ಅವರನ್ನು ಕಳೆದರೆ ಏಳು ದಾಟಿದವರು 5,39,34,264. ಸಾಕ್ಷರರು 4,06,47,322. ಇದನ್ನು ಏಳು ದಾಟಿದವರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 75.36. ಇದೇ ಅಧಿಕೃತ ಸಾಕ್ಷರತಾ ಪ್ರಮಾಣ. ಮಕ್ಕಳನ್ನು ಕಳೆಯಲು ಮರೆತು ಒಟ್ಟು ಜನಸಂಖ್ಯೆಯಿಂದಲೇ ಭಾಗಿಸಿದರೆ ಬರುವುದು ಶೇ 66.53. ಒಂಬತ್ತು ಅಂಕದಷ್ಟು ವ್ಯತ್ಯಾಸ. ಈ ಎರಡನೇ ಅಂಕಿಗೂ ಒಂದು ಹೆಸರಿದೆ, ಕಚ್ಚಾ ಸಾಕ್ಷರತಾ ಪ್ರಮಾಣ. ಆದರೆ ಇದರಲ್ಲಿ ಮಕ್ಕಳು ಹೆಚ್ಚಿರುವ ಜಿಲ್ಲೆಗೆ ಅನ್ಯಾಯವಾಗುತ್ತದೆ. ಓದು ಕಲಿಯುವ ವಯಸ್ಸೇ ಆಗದ ಕೂಸುಗಳೂ ಅಲ್ಲಿ ಅನಕ್ಷರಸ್ಥರಾಗಿ ಕೂರುತ್ತವೆ. ಏಳು ವರ್ಷದ ಗಡಿ ಜನಗಣತಿಯಲ್ಲಿ ಜಾರಿಗೆ ಬಂದದ್ದು 1991ರಿಂದ. ಅದಕ್ಕೂ ಹಿಂದೆ ಐದು ವರ್ಷದ ಗಡಿ ಇತ್ತು. ಹಳೆಯ ಪುಸ್ತಕದ ಅಂಕಿಯನ್ನು ಹೊಸದಕ್ಕೆ ಹೋಲಿಸುವವರು ಮೊದಲು ಅಡಿಟಿಪ್ಪಣಿ ಓದಬೇಕು.

ಗಂಡಸರ ಮತ್ತು ಹೆಂಗಸರ ಸಾಕ್ಷರತೆಯನ್ನು ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ಆಗ ಕೆಳಗಿನ ಸಂಖ್ಯೆಯೂ ಬೇರೆಯಾಗುತ್ತದೆ: ಏಳು ದಾಟಿದ ಗಂಡಸರು, ಏಳು ದಾಟಿದ ಹೆಂಗಸರು. ಕರ್ನಾಟಕದಲ್ಲಿ ಗಂಡಸರದು ಶೇ 82.47, ಹೆಂಗಸರದು ಶೇ 68.08. ಉಡುಪಿಯಲ್ಲಿ ಶೇ 91.41 ಮತ್ತು 81.58. ಈಗ ಉಡುಪಿಯ ಈ ಎರಡನ್ನು ಕೂಡಿಸಿ ಅರ್ಧ ಮಾಡಿದರೆ 86.5 ಬರುತ್ತದೆ. ಆದರೆ ಜಿಲ್ಲೆಯ ನಿಜವಾದ ಸಾಕ್ಷರತೆ 86.24, ಸ್ವಲ್ಪ ಕಡಿಮೆ. ಯಾಕೆ? ಅಲ್ಲಿ ಹೆಂಗಸರು ಹೆಚ್ಚಿರುವುದರಿಂದ ಒಟ್ಟು ಅಂಕಿ ಹೆಂಗಸರ ಪ್ರಮಾಣದ ಕಡೆಗೆ ವಾಲುತ್ತದೆ. ರಾಜ್ಯದಲ್ಲಿ ಗಂಡಸರು ತುಸು ಹೆಚ್ಚಿರುವುದರಿಂದ ಅದು ಆಚೆ ವಾಲುತ್ತದೆ. ಬೇರೆ ಬೇರೆ ಪುಟಗಳಲ್ಲಿ ಅಚ್ಚಾಗುವ ಲಿಂಗಾನುಪಾತ ಮತ್ತು ಸಾಕ್ಷರತೆ ಒಂದನ್ನೊಂದು ಮುಟ್ಟುವುದು ಇಲ್ಲಿ.

ಇದೇ ತಪ್ಪು ದೊಡ್ಡ ಪ್ರಮಾಣದಲ್ಲಾದರೆ ಫಲಿತಾಂಶವೇ ಕೆಡುತ್ತದೆ. ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ 87.67, ಯಾದಗಿರಿಯದು 51.83. ಎರಡರ ಸರಾಸರಿ ಸುಮಾರು 70. ಆದರೆ ಬೆಂಗಳೂರಿನ ಜನಸಂಖ್ಯೆ ಯಾದಗಿರಿಯ ಎಂಟು ಪಟ್ಟು. ಎರಡೂ ಜಿಲ್ಲೆಗಳ ಸಾಕ್ಷರರನ್ನು ಕೂಡಿಸಿ, ಎರಡೂ ಕಡೆ ಏಳು ದಾಟಿದವರನ್ನು ಕೂಡಿಸಿ ಭಾಗಿಸಿದರೆ ಉತ್ತರ ಸುಮಾರು 84 ಬರುತ್ತದೆ. ಒಂದು ವಿಭಾಗ, ಒಂದು ವಿಧಾನಸಭಾ ಕ್ಷೇತ್ರ, ಒಂದು ಕಣಿವೆ ಹೀಗೆ ಯಾವ ಪ್ರದೇಶದ ಲೆಕ್ಕ ಬೇಕಾದರೂ ದಾರಿ ಒಂದೇ. ತಲೆಗಳನ್ನು ಕೂಡಿಸಬೇಕು, ಭಾಗಾಕಾರ ಕೊನೆಗೆ ಒಂದೇ ಸಲ. ಶೇಕಡಾವಾರುಗಳನ್ನು ಕೂಡಿಸಿ ಭಾಗಿಸಬಾರದು.

ಇನ್ನು ಮೇಲಿನ ಸಂಖ್ಯೆ. ಒಬ್ಬರು ಸಾಕ್ಷರರು ಎಂದು ತೀರ್ಮಾನವಾಗುವುದು ಹೇಗೆ? ಬಹುಪಾಲು ಮನೆಗಳಲ್ಲಿ ಬಾಗಿಲಲ್ಲಿ ನಿಂತವರು ಹೇಳಿದ್ದೇ ಗಣತಿದಾರರ ದಾಖಲೆ. ಮನೆಯ ಯಜಮಾನ ಎಲ್ಲರ ಪರವಾಗಿ ಉತ್ತರಿಸುತ್ತಾನೆ. ‘ನಿಮ್ಮ ತಾಯಿಗೆ ಓದೋಕೆ ಬರೆಯೋಕೆ ಬರುತ್ತಾ?’ ಎಂದರೆ ‘ಹ್ಞೂಂ, ರುಜು ಹಾಕ್ತಾರೆ’ ಎನ್ನುವ ಉತ್ತರ ಬರಬಹುದು. ಹೆಸರು ಬರೆಯಲು ಕಲಿತ ಮಾತ್ರಕ್ಕೆ ಸಾಕ್ಷರರಾಗುವುದಿಲ್ಲ, ಆದರೆ ಸಂಜೆಯೊಳಗೆ ಇನ್ನೂ ಹತ್ತು ಮನೆ ಮುಗಿಸಬೇಕಾದವರು ಎಲ್ಲ ಕಡೆ ಪುಸ್ತಕ ಕೊಟ್ಟು ಓದಿಸಿ ನೋಡುವುದಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ರೀತಿ ಬೇರೆ: ಹೆಚ್ಚು ಓದದವರ ಕೈಗೆ ಒಂದು ಸಣ್ಣ ವಾಕ್ಯವಿರುವ ಕಾರ್ಡು ಕೊಟ್ಟು ಓದಿಸುತ್ತಾರೆ. ವಾಕ್ಯದ ಒಂದು ಭಾಗ ಓದಿದರೂ ಸಾಕ್ಷರರೆಂದು ಬರೆದುಕೊಳ್ಳುತ್ತಾರೆ, ಬರೆಯಿಸಿ ನೋಡುವುದಿಲ್ಲ. ಮಹಿಳೆಯರಲ್ಲಿ ಅದರ ವ್ಯಾಪ್ತಿ 15ರಿಂದ 49 ವರ್ಷದವರು ಮಾತ್ರ. ಆದ್ದರಿಂದ ಎರಡೂ ಕಡೆಯ ‘ಸಾಕ್ಷರತೆ’ ಒಂದೇ ಅಲ್ಲ.

ವಯಸ್ಸು ಹೇಳುವಾಗಲೂ ಅಂಕಿ ಜಾರುತ್ತದೆ. ಜನನ ಪತ್ರ ಹುಡುಕದೆ ಅಂದಾಜಿನಲ್ಲಿ ಆರು ಎಂದು ಬರೆಸಿದ ಏಳು ವರ್ಷದ ಮಗು ಸಾಕ್ಷರತೆಯ ಕೆಳಗಿನ ಸಂಖ್ಯೆಯಿಂದ ಜಾರಿ, ಮಕ್ಕಳ ಲಿಂಗಾನುಪಾತದ ಲೆಕ್ಕಕ್ಕೆ ಬಂದು ಬೀಳುತ್ತದೆ. ಎರಡೂ ಸೂಚಕಗಳ ಗಡಿ ಅದೇ ಆರು ಮತ್ತು ಏಳರ ನಡುವೆ ಇದೆ.

ಯಾದಗಿರಿಯಲ್ಲಿ ಗಂಡಸರ ಸಾಕ್ಷರತೆ ಶೇ 62.25, ಹೆಂಗಸರದು 41.38. ಅಂತರ 21 ಅಂಕ, ಉಡುಪಿಯ ಎರಡರಷ್ಟು. ಈ ಅಂತರ ಒಂದು ದಶಕದಲ್ಲಿ ಮುಚ್ಚುವಂಥದ್ದಲ್ಲ, ಅದಕ್ಕೂ ಕಾರಣ ಭಾಗಾಕಾರದಲ್ಲೇ ಇದೆ. ಇವತ್ತು ಊರಿನ ಎಲ್ಲ ಹುಡುಗಿಯರೂ ಶಾಲೆಗೆ ಹೋದರೂ, ಶಾಲೆಯ ಮೆಟ್ಟಿಲು ಹತ್ತದ ಅವರ ಅಮ್ಮ, ಅಜ್ಜಿಯರು ಬದುಕಿರುವವರೆಗೆ ಕೆಳಗಿನ ಸಂಖ್ಯೆಯಲ್ಲಿ ಇರುತ್ತಾರೆ. ಶಾಲೆಗಳು ಈಗ ಹೇಗಿವೆ ಎಂದು ತಿಳಿಯಬೇಕಾದರೆ ಒಟ್ಟು ಸಾಕ್ಷರತೆಗಿಂತ 15ರಿಂದ 24 ವರ್ಷದವರ ಸಾಕ್ಷರತೆಯನ್ನು ಪ್ರತ್ಯೇಕವಾಗಿ ನೋಡುವುದು ಉಪಯುಕ್ತ. ಲಿಂಗಾನುಪಾತದಲ್ಲಿ ಮಕ್ಕಳ ಅಂಕಿ ಮಾಡುವ ಕೆಲಸವನ್ನೇ ಇಲ್ಲಿ ಯುವಜನರ ಅಂಕಿ ಮಾಡುತ್ತದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಈಗ 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ಘೋಷಿಸಲಾಗಿದೆ. ಆ ಅಂಕಿಗಳು ಬಂದಾಗ ಮೊದಲು ಸಿಗುವುದು ತಾತ್ಕಾಲಿಕ ಲೆಕ್ಕ. 2011ರಲ್ಲಿ ಕರ್ನಾಟಕದ ತಾತ್ಕಾಲಿಕ ಲಿಂಗಾನುಪಾತ 968 ಎಂದಿದ್ದದ್ದು ಅಂತಿಮವಾಗಿ 973 ಆಯಿತು, ಸಾಕ್ಷರತೆ 75.60 ಎಂದಿದ್ದದ್ದು 75.36ಕ್ಕೆ ಇಳಿಯಿತು. ಇವತ್ತಿಗೂ ಕೆಲವು ಗೈಡುಗಳಲ್ಲಿ ಹಳೆಯ ತಾತ್ಕಾಲಿಕ ಅಂಕಿಗಳೇ ಸಿಗುತ್ತವೆ.

ಅದಕ್ಕಿಂತ ತೊಡಕಿನದು ಗಡಿಗಳ ವಿಷಯ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸ ಗಣತಿಯಲ್ಲಿ ಅದರ ಲಿಂಗಾನುಪಾತ, ಸಾಕ್ಷರತೆ ಪ್ರಕಟವಾದಾಗ ‘ಹತ್ತಾರು ವರ್ಷದಲ್ಲಿ ಎಷ್ಟು ಬದಲಾಯಿತು’ ಎಂಬ ಪ್ರಶ್ನೆ ಬಂದೇ ಬರುತ್ತದೆ. 2011ರ ವರದಿಯಲ್ಲಿ ಆ ಹೆಸರಿನ ಜಿಲ್ಲೆಯೇ ಇಲ್ಲ. ಅದರ ಹಳೆಯ ಅಂಕಿ ಕಟ್ಟಲು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳನ್ನು ಬಳ್ಳಾರಿಯ ಪುಟಗಳಿಂದ ತೆಗೆಯಬೇಕು. ಹರಪನಹಳ್ಳಿಯನ್ನು ದಾವಣಗೆರೆಯ ಪುಟಗಳಲ್ಲಿ ಹುಡುಕಬೇಕು, ಆಗ ಅದು ಆ ಜಿಲ್ಲೆಯಲ್ಲಿತ್ತು. ಹೊಸಪೇಟೆಯನ್ನು ಇಡಿಯಾಗಿ ತೆಗೆದುಕೊಳ್ಳುವಂತಿಲ್ಲ. ಆಗ ಅದರೊಳಗಿದ್ದ ಕಂಪ್ಲಿ ಈಗ ಪ್ರತ್ಯೇಕ ತಾಲ್ಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದೆ. ಅಲ್ಲಿ ಗ್ರಾಮಗಳ ಮಟ್ಟಕ್ಕೇ ಇಳಿದು, ಕಂಪ್ಲಿಯ ಕಡೆಯ ಊರುಗಳ ಗಂಡಸರು, ಹೆಂಗಸರು, ಆರರೊಳಗಿನ ಮಕ್ಕಳು, ಸಾಕ್ಷರರು ಎಲ್ಲರನ್ನೂ ಒಂದೊಂದಾಗಿ ಕಳೆದು, ಉಳಿದವರನ್ನು ಕೂಡಿಸಿ, ಆಮೇಲೆ ಭಾಗಿಸಬೇಕು.